ಹೆಸರು ಹೇಳುವಷ್ಟು ಪರಿಚಯ

ಆ ಬೇಸಿಗೆ ರಜೆಗೆ ನೆದರ್ಲೆಂಡ್ಸಿನಿಂದ ಕಲಬುರಗಿಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ. ಹಣ್ಣು ಕೊಯ್ದ ಮೇಲೆ ಅದನ್ನು ಕೆಡದಂತೆ ಕಾಯುವ ವಿದ್ಯೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದುತ್ತಿದ್ದೆ, ಒಂದು ವರ್ಷ ಮುಗಿದಿತ್ತು. ಎರಡನೆಯ ವರ್ಷದಲ್ಲಿ ಕೆಲವು ತಿಂಗಳು ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡದೆ ಪದವಿ ಇಲ್ಲ. ಜಾಗ ಹುಡುಕಿಕೊಳ್ಳುವುದು ವಿದ್ಯಾರ್ಥಿಯದೇ ಹೊಣೆ. ನನಗೆ ಆ ದೇಶದಲ್ಲಿ ಸಹಪಾಠಿಗಳನ್ನು ಬಿಟ್ಟರೆ ಗುರುತಿನವರು ಯಾರೂ ಇರಲಿಲ್ಲ.

ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಜಾಲತಾಣದಲ್ಲಿ ಕಂಡ ಹೆಸರಿಗೆಲ್ಲ ಒಂದೇ ಪತ್ರ ಕಳಿಸಿದ್ದೆ: ‘ಮಾನ್ಯರೇ, ನನಗೊಂದು ಅವಕಾಶ ಕಲ್ಪಿಸಿಕೊಡಬೇಕಾಗಿ ವಿನಂತಿ.’ ಉತ್ತರ ಬಂದದ್ದು ಇಬ್ಬರಿಂದ, ಇಬ್ಬರೂ ‘ಶುಭವಾಗಲಿ’ ಎಂದಿದ್ದರು. ಕಲಬುರಗಿಯ ನನ್ನ ಹಳೆಯ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲೂ ಅದನ್ನೇ ಹಾಕಿದೆ. ಅಲ್ಲಿ ಹನ್ನೊಂದು ಜನ ಹೆಬ್ಬೆರಳು ಎತ್ತಿದರು, ಒಬ್ಬರು ಕೈ ಮುಗಿದರು.

ಆ ಗುಂಪಿನಲ್ಲೇ ಒಬ್ಬ ಹಿರಿಯರಿದ್ದರು. ನನಗಿಂತ ಬಹಳ ವರ್ಷ ಮೊದಲು ಅದೇ ಕಾಲೇಜಿನಲ್ಲಿ ಓದಿ, ಈಗ ರಾಟರ್‌ಡ್ಯಾಮ್ ಹತ್ತಿರ ಬಾಳೆಹಣ್ಣು ಮಾಗಿಸುವ ಒಂದು ಕಂಪನಿಯಲ್ಲಿದ್ದರು. ಅವರು ರಜೆಗೆ ಸೇಡಂ ರಸ್ತೆಯ ಮನೆಗೆ ಬಂದಿದ್ದಾರೆಂಬ ಸುದ್ದಿ ತಂದವನು ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ನನ್ನ ಕಾಕಾ. ಅವರ ತಂದೆಯೂ ಕಾಕಾನೂ ಒಂದೇ ಶಾಲೆಯಲ್ಲಿ ಕಲಿತವರು.

“ಇದರಾಗ ಏನದ ವಿಚಾರ ಮಾಡೋದು? ವಶೀಲಿ ಹಚ್ಚೋದು. ನಾ ಬರ್ತೀನಿ ನಡಿ,” ಎಂದ ಕಾಕಾ, ಒಂದು ಗೊನೆ ಬಾಳೆಯನ್ನು ಆಟೋದಲ್ಲಿ ತನ್ನ ಮಗ್ಗುಲಿಗೆ ಕೂಡಿಸಿಕೊಂಡು ಹೊರಟೇಬಿಟ್ಟ. ನಮ್ಮ ಕಡೆ ವಶೀಲಿ ಎಂದರೆ ತಪ್ಪು ಕೆಲಸವೆಂದು ಯಾರೂ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬೇಗ ಸಿಗಬೇಕೆಂದರೂ ಅಲ್ಲಿ ನಮ್ಮವರು ಒಬ್ಬರಿರಬೇಕು ಎಂಬುದು ಹಿರಿಯರು ಕಂಡುಕೊಂಡ ಸತ್ಯ. ನಾನೂ ಅದನ್ನೇ ನಂಬಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಹಿರಿಯರ ಮನೆಯಲ್ಲಿ ಚಹಾ ಬರುವ ಮೊದಲೇ ಕಾಕಾ ಮಾತು ತೆಗೆದ.

“ನೋಡ್ರಿ ಸಾಹೇಬ್ರ, ನಮ್ಮ ಹುಡುಗಿನ ನಿಮ್ಮ ಕಂಪನ್ಯಾಗ ಒಂದು ಕಡಿ ಕೂಡಿಸಿಬಿಡ್ರಿ. ನಿಮ್ಮ ಮಾತು ಅಲ್ಲಿ ನಡೀತದ ಅಂತ ಕೇಳೀನಿ.”

ಹಿರಿಯರು ಗೊನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಸಾಹೇಬ ಅನಬ್ಯಾಡ್ರಿ ಕಾಕಾ. ಅಲ್ಲಿ ಯಾರ ಮಾತೂ ಹಂಗ ನಡೆಯಂಗಿಲ್ರಿ. ಹೆಸರು ಹೇಳಬಹುದು, ಅಷ್ಟ. ಹೇಳಿದ ಕೂಡಲೇ ಕೇಳ್ತಾರ, ಈಕಿ ನಿನಗ ಹ್ಯಾಂಗ ಗೊತ್ತು, ಈಕಿಗೆ ಏನು ಬರ್ತದ ಅಂತ. ನಾ ಏನು ಹೇಳಲಿ? ಗೊನಿ ಚೊಲೋ ತಂದಿದ್ಲು ಅನ್ಲೇನು?”

ಒಳಗಿನಿಂದ ಅವರ ತಾಯಿ ನಕ್ಕದ್ದು ಕೇಳಿಸಿತು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಾಗಿತ್ತು. ಕಾಕಾ ಮಾತ್ರ ಜಗ್ಗಲಿಲ್ಲ. “ಅದನ್ನೂ ಹೇಳ್ರಲ್ಲ, ಸುಳ್ಳೇನದ?” ಎಂದ.

ಆಮೇಲೆ ಹಿರಿಯರು ನನ್ನ ಕಡೆ ತಿರುಗಿ, ಇಲ್ಲಿ ಓದುವಾಗ ಯಾವುದರ ಮೇಲೆ ಕೆಲಸ ಮಾಡಿದೆ ಎಂದು ಕೇಳಿದರು. ನಾನು ಪ್ರಬಂಧದ ಶೀರ್ಷಿಕೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

“ಅದು ರಟ್ಟಿನ ಮ್ಯಾಲ ಬರೆಯೋದು. ನೀ ಏನು ನೋಡಿದಿ, ಅದನ್ನ ಹೇಳವಾ.”

ಹೇಳತೊಡಗಿದೆ. ಹಳದಿ ಬಾಳೆಯಾದರೆ ಹಸಿರಿನಿಂದ ಹಳದಿಗೆ ತಿರುಗುವುದನ್ನು ನೋಡಿ ಎಷ್ಟು ಮಾಗಿದೆ ಎನ್ನಬಹುದು. ಅದಕ್ಕೊಂದು ಬಣ್ಣದ ಪಟ್ಟಿಯೇ ಇದೆ. ಕೆಂಪು ಬಾಳೆಗೆ ಆ ಪಟ್ಟಿ ಹೊಂದುವುದಿಲ್ಲ, ಕಾಯಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಕಮಲಾಪುರದ ನಮ್ಮ ಅಜ್ಜಿ ತೊಟ್ಟಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿ ಹೇಳುತ್ತಿದ್ದಳು. ಅವಳ ಹೆಬ್ಬೆರಳು ಹೇಳಿದ್ದನ್ನೂ ಮೆದುತನ ಅಳೆಯುವ ಯಂತ್ರ ಹೇಳಿದ್ದನ್ನೂ ನಾನು ಜೋಡಿಸಿ ನೋಡಿದ್ದೆ.

ಅವರ ಚಹಾ ಆರಿಹೋಯಿತು. “ನಿಮ್ಮ ತ್ವಾಟ ಎಲ್ಲ್ಯದ?” ಎಂದರು.

ಎರಡು ದಿನ ಬಿಟ್ಟು ಅವರೇ ಕಮಲಾಪುರಕ್ಕೆ ಬಂದರು. ಕಾಕಾ ತೋಟ ತೋರಿಸಿದ, ಅವರು ಗೊನೆ ಗೊನೆಗೂ ನಿಂತರು. ಬದುವಿನ ಮೇಲೆ ಕುಳಿತು ರೊಟ್ಟಿ ತಿನ್ನುವಾಗ ನನ್ನ ಸರದಿ. ಕೆಲಸ ಕೇಳಬಾರದೆಂದು ನಿಶ್ಚಯಿಸಿದ್ದೆ. ಅವರ ದಿನ ಹೇಗೆ ಶುರುವಾಗುತ್ತದೆ, ಮಾಗಿಸುವ ಕೋಣೆಗೆ ಎಥಿಲೀನ್ ಅನಿಲ ಬಿಟ್ಟ ಮೇಲೆ ಯಾವಾಗ ಶಾಖ ಇಳಿಸುತ್ತಾರೆ, ಮೊದಲ ಕೆಲಸ ಅವರಿಗೆ ಹೇಗೆ ಸಿಕ್ಕಿತು, ಇವನ್ನೇ ಕೇಳಿದೆ.

“ಈಗ ದಾರಿಗೆ ಬಂದಿ,” ಎಂದರು. “ಅಲ್ಲಿಯವರನ್ನೂ ಹಿಂಗ ಕೇಳಬೇಕು. ಇಪ್ಪತ್ತು ನಿಮಿಷ ಬೇಡು, ಇಪ್ಪತ್ತಕ್ಕ ಎದ್ದೇಳು. ಏಳುವಾಗ ‘ಇನ್ನ ಯಾರನ್ನ ಮಾತಾಡಿಸಲಿ’ ಅಂತ ಒಂದು ಮಾತು ಕೇಳು. ಮರುದಿನ ಎರಡು ಸಾಲು ಬರದು ಉಪಕಾರ ನೆನಿ. ಅವರು ಹೇಳಿದ್ದನ್ನ ಮಾಡಿದ ಮ್ಯಾಲ ಮತ್ತ ಬರಿ. ನಡುವ ‘ನೌಕರಿ, ನೌಕರಿ’ ಅಂತ ಬಾಯಿ ಬಿಡಬ್ಯಾಡ.”

“ಹಂಗಾದ್ರ ನೌಕರಿ ಯಾವಾಗ ಕೇಳೋದ್ರಿ?” ಎಂದ ಕಾಕಾ.

“ಜಾಗಾ ಖಾಲಿ ಅದ ಅಂತ ಗೊತ್ತಾದಾಗ, ಕಾಕಾ. ಅವತ್ತ ಹೆಸರು ನೆನಪಿರ್ತದ.”

“ಅಂದ್ರ ವಶೀಲಿನೇ ಆತಲ್ಲ, ತಡಾ ಆಗಿ,” ಎಂದು ಕಾಕಾ ಗೆದ್ದವನಂತೆ ಇನ್ನೊಂದು ರೊಟ್ಟಿ ಮುರಿದ.

ಹಿರಿಯರು ಎರಡು ಹೆಸರು ಕೊಟ್ಟರು. ನವೆಂಬರಿನಲ್ಲಿ ಅಲ್ಲೊಂದು ಸಮ್ಮೇಳನವಿದೆ, ಅದಕ್ಕೆ ಈ ಕೆಂಪು ಬಾಳೆಯ ಕೆಲಸವನ್ನು ಪೋಸ್ಟರ್ ಮಾಡಿ ಕಳಿಸು ಎಂದರು. ಕಮಲಾಪುರದಲ್ಲಿ ಕುಳಿತೇ ಸಾರಾಂಶ ಬರೆದು ಕಳಿಸಿದೆ, ಮುಂದೆ ಅದಕ್ಕೆ ಒಪ್ಪಿಗೆಯೂ ಬಂತು. ವಾಪಸು ಹೋಗುವ ಮೊದಲು ಆ ಇಬ್ಬರಿಗೂ, ನಾಲ್ಕೈದು ಬೇರೆ ಹಳೆಯ ವಿದ್ಯಾರ್ಥಿಗಳಿಗೂ ಬೇರೆ ಬೇರೆ ಪತ್ರ ಬರೆದೆ, ಒಬ್ಬೊಬ್ಬರ ಕೆಲಸವನ್ನು ಓದಿಕೊಂಡು. ಮೂವರು ಮಾತಾಡಲು ಒಪ್ಪಿದರು. ಒಂದು ಮಾತುಕತೆ ಪೂರಾ ಮಂಕಾಗಿ ಹೋಯಿತು, ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿ ಮುಗಿಸಿದೆವು. ಇನ್ನೊಬ್ಬರು ನನ್ನ ಪೋಸ್ಟರಿನ ಕರಡು ನೋಡಿ, ಅಕ್ಷರ ಕಡಿಮೆ ಮಾಡು, ಹಣ್ಣಿನ ಚಿತ್ರ ದೊಡ್ಡದು ಮಾಡು ಎಂದರು. ಮಾಡಿದೆ. ಮಾಡಿದೆನೆಂದು ಬರೆದೂ ತಿಳಿಸಿದೆ.

ಸಮ್ಮೇಳನದ ದಿನ ಪೋಸ್ಟರಿನ ಮುಂದೆ ಮುಕ್ಕಾಲು ಗಂಟೆ ಒಬ್ಬಳೇ ನಿಂತೆ. ಜನ ಕಾಫಿ ಹಿಡಿದು ದಾಟಿ ಹೋಗುತ್ತಿದ್ದರು. ಕೊನೆಗೆ ಹಿರಿಯರು ಒಬ್ಬ ಹೆಂಗಸನ್ನು ಕರೆತಂದರು, ಇನ್ನೊಂದು ಕಂಪನಿಯಲ್ಲಿ ಮಾಗಿಸುವ ಪ್ರಯೋಗಗಳನ್ನು ನೋಡಿಕೊಳ್ಳುವವರು. ಅವರಿಗೆ ಹಿರಿಯರು ಹೇಳಿದ್ದು ಒಂದೇ ವಾಕ್ಯ: “ಇವಳ ತೋಟ ನಾನು ಕಣ್ಣಾರೆ ನೋಡಿದ್ದೇನೆ, ಮಿಕ್ಕದ್ದು ಇವಳನ್ನೇ ಕೇಳಿ.” ಹೇಳಿ ಹೊರಟುಹೋದರು.

ಆಕೆ ಕೇಳಿದರು. ಬಹಳ ಕೇಳಿದರು. ನನ್ನ ಅಳತೆಯಲ್ಲಿದ್ದ ಒಂದು ತಪ್ಪನ್ನೂ ಹಿಡಿದರು: ಹಣ್ಣುಗಳನ್ನು ಮಾಗಿಸುವ ಕೋಣೆಯಿಂದ ತೆಗೆದು ಎಷ್ಟು ಹೊತ್ತಿಗೆ ಅಳೆದೆನೆಂದು ನಾನು ಬರೆದಿಟ್ಟಿರಲಿಲ್ಲ. ಹೌದು, ಬರೆದಿಟ್ಟಿಲ್ಲ ಎಂದೆ. ಅವರು ತಲೆಯಾಡಿಸಿ ಕಾರ್ಡು ಕೊಟ್ಟರು. ಮರುದಿನ ಎರಡು ಸಾಲು ಬರೆದೆ. ಡಿಸೆಂಬರಿನಲ್ಲಿ, ಉಳಿದಿದ್ದ ಹಳೆಯ ಲೆಕ್ಕದ ಹಾಳೆಗಳಲ್ಲಿ ಅಳೆದ ಹೊತ್ತು ಹುಡುಕಿ, ಸಿಕ್ಕಷ್ಟನ್ನು ಸರಿಪಡಿಸಿ ಮತ್ತೆ ಬರೆದೆ.

ಅದಕ್ಕೆ ಬಂದ ಉತ್ತರ ಸಣ್ಣದು. ಮಾರ್ಚಿನಿಂದ ಹೊಸ ತಳಿಗಳ ಪ್ರಯೋಗ ಶುರುವಾಗುತ್ತದೆ, ಒಬ್ಬ ವಿದ್ಯಾರ್ಥಿಗೆ ಜಾಗವಿದೆ, ಅರ್ಜಿ ಹಾಕು, ಸಂದರ್ಶನಕ್ಕೆ ನಮ್ಮ ತಂಡದ ಇನ್ನಿಬ್ಬರೂ ಇರುತ್ತಾರೆ ಎಂದಿತ್ತು. ಅರ್ಜಿ ಹಾಕಿದೆ, ಸಂದರ್ಶನವೂ ಆಯಿತು. ಜನವರಿಯ ಕೊನೆಗೆ ಕಂಪನಿ, ವಿಶ್ವವಿದ್ಯಾಲಯ, ನಾನು ಮೂವರೂ ಸಹಿ ಹಾಕಬೇಕಾದ ಒಪ್ಪಂದದ ಕಾಗದ ಬಂತು. ಉಳಿದೆರಡು ಸಹಿ ಆಗಲೇ ಬಿದ್ದಿದ್ದವು. ನನ್ನದನ್ನು ಹಾಕಿ, ಅಲ್ಲಿಯ ತಂಪು ಕೋಣೆಗಳಿಗೆಂದು ಮೊದಲ ದಿನ ದಪ್ಪನೆಯ ಸ್ವೆಟರ್ ತರಬೇಕೇ ಎಂದು ಆಕೆಗೆ ಬರೆದು ಕೇಳಿದೆ. “ಎರಡು ತಾ,” ಎಂದು ಉತ್ತರ ಬಂತು.