ಸುರಿಯದ ಮಾತ್ರೆ ಚೀಲ

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮನಿಗೆ ಬೀದಿಯವರು ಇಟ್ಟ ಹೆಸರು ಕೀವಕ್ಕ. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. "ಕುರು ಎದ್ದಾಗ ಕೀವಕ್ಕ, ವಾಸಿಯಾದ್ಮೇಲೆ ಯಾವಕ್ಕ?" ಎಂದು ಅವಳೇ ನಗುವಳು. ಅವಳ ಕೈಗುಣ ದೊಡ್ಡದು ಎನ್ನುತ್ತಿದ್ದರು ಜನ. ಕೈಗುಣವಂತೆ, ಮಣ್ಣು! ಅವಳದು ಬರೀ ಹಟ. ಡಾಕ್ಟರು ಔಷಧಿ ಬರೆಯುವ ಮೊದಲು, ಬಂದವರು ಯಾರೇ ಆಗಲಿ, ಅವರ ಮಾತ್ರೆ ಚೀಲವನ್ನು ಮೇಜಿನ ಮೇಲೆ ಬುಡಮೇಲು ಮಾಡಿಸಲೇಬೇಕು. "ಬಾಯಲ್ಲಿ ಹೇಳ್ಬೇಡಿ, ಚೀಲ ಸುರೀರಿ" ಎಂದು ಗದರುವಳು. ಗದರಿಸಿಕೊಂಡವರೇ ಆಮೇಲೆ ಕೈಮುಗಿದು ಹೋದದ್ದುಂಟು.

ಸುರಿಸದೆ ಬಿಟ್ಟದ್ದು ಒಂದೇ ಒಂದು ಸಲ. ಅದೂ ಹೆತ್ತ ತಾಯಿಯದು.

ಅಮ್ಮ ಎರಡು ತಿಂಗಳು ಮಗನ ಮನೆಯಲ್ಲಿದ್ದು ಹಿಂತಿರುಗಿದ್ದರು. ಬರುವಾಗಲೇ ತೊಡೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಕುರು. ಡಾಕ್ಟರು ಮರಗಟ್ಟಿಸಿ ಕೊಯ್ದರು, ಕೀವೆಲ್ಲ ಹಿಂಡಿ ತೆಗೆದರು, ಒಂದಿಷ್ಟನ್ನು ಲ್ಯಾಬಿಗೆ ಕಳಿಸಿದರು. ಸುತ್ತಲೂ ಅಂಗೈಯಗಲ ಕೆಂಪು ಹರಡಿತ್ತು, ಮೇಲೆ ಸಕ್ಕರೆ ಕಾಯಿಲೆ ಬೇರೆ. ಕೊಯ್ದು ಸುಮ್ಮನಿರುವ ಹಾಗಿರಲಿಲ್ಲ.

"ಮಾಮೂಲಿ ಮಾತ್ರೆಗೆ ಬಗ್ಗದ ಸ್ಟ್ಯಾಫ್ ರೋಗಾಣು ಇರ್ಬೇಕು. ಈ ತಿಂಗಳು ಇದು ನಾಲ್ಕನೇದು," ಎಂದರು ಡಾಕ್ಟರು. "ರಿಪೋರ್ಟ್ ಬರೋವರೆಗೆ ಡಾಕ್ಸಿಸೈಕ್ಲಿನ್ ಕೊಡೋಣ. ಇಲ್ಲಾ ಕೋಟ್ರಿಮಾಕ್ಸಜೋಲ್."

"ಡಾಕ್ಸಿ ಬೇಡ ಸಾರ್," ಎಂದಳು ಕೀವಕ್ಕ. "ಅಮ್ಮ ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿಬಿಡ್ತಾರೆ. ಅನ್ನನಾಳದಲ್ಲಿ ಕಚ್ಕೊಂಡು ಹುಣ್ಣಾದ್ರೆ? ಟೈಲರ್ ಹೆಂಡ್ತಿಗೆ ಆಗಿತ್ತಲ್ಲ."

"ಸರಿ, ಇನ್ನೊಂದೇ ಕೊಡೋಣ. ಅದು ಸಲ್ಫಾ ಔಷಧಿ, ಅಲರ್ಜಿ ಇದೆಯಾ? ಬೇರೆ ಯಾವ ಮಾತ್ರೆ ತಗೋತಾರೆ? ಪೊಟ್ಯಾಸಿಯಂ ಏರಿಸೋದು ಏನಾದ್ರೂ?"

"ಅಲರ್ಜಿ ಇಲ್ಲ. ಬಿಪಿಗೆ ಆಮ್ಲೋಡಿಪಿನ್, ಸಕ್ಕರೆಗೊಂದು, ಅಷ್ಟೇ. ನಮ್ಮಮ್ಮನ ಮಾತ್ರೆ ನನಗೆ ಗೊತ್ತಿಲ್ವಾ ಸಾರ್?"

ಮಂಚದ ಮೇಲೆ ಸೆರಗು ಕಚ್ಚಿ ನೋವು ನುಂಗುತ್ತಿದ್ದ ಅಮ್ಮ ಹೂಂ ಎಂದು ತಲೆಯಾಡಿಸಿದರು. ಡಾಕ್ಟರು ಕೋಟ್ರಿಮಾಕ್ಸಜೋಲ್ ಬರೆದರು.

ನಾಲ್ಕು ದಿನ ಕೀವಕ್ಕ ತಾನೇ ಎಣಿಸಿ, ಎದುರು ನಿಂತು ನುಂಗಿಸಿದಳು. ಐದನೆಯ ಬೆಳಿಗ್ಗೆ ಅಮ್ಮನಿಗೆ ಮಂಚದಿಂದ ಕಾಲು ಇಳಿಸಲಾಗಲಿಲ್ಲ. "ಕಾಲು ನಂದಲ್ಲ ಅನ್ನೋ ಹಾಗಿದೆ ಕಣೇ," ಎಂದರು. ಕೀವಕ್ಕ ನಾಡಿ ಹಿಡಿದಳು. ನಿಮಿಷಕ್ಕೆ ಮೂವತ್ತೆಂಟು.

ದೊಡ್ಡಾಸ್ಪತ್ರೆಯಲ್ಲಿ ಸಹಿ ಹಾಕಲು ಫಾರಂ ಕೊಟ್ಟರು. ಅವಸರದಲ್ಲಿ ತನ್ನ ಕನ್ನಡಕ ಮರೆತು ಬಂದಿದ್ದಳು, ಅಮ್ಮನದನ್ನೇ ಹಾಕಿಕೊಳ್ಳೋಣವೆಂದು ಅವರ ಕನ್ನಡಕದ ಡಬ್ಬಿ ತೆರೆದಳು. ಕನ್ನಡಕದ ಕೆಳಗೆ ಮಡಿಸಿಟ್ಟ, ಅರ್ಧ ಖಾಲಿಯಾದ ಮಾತ್ರೆಯ ಹಾಳೆ. ಸ್ಪಿರೊನೊಲ್ಯಾಕ್ಟೋನ್.

"ಇದೇನಮ್ಮಾ? ಯಾರು ಕೊಟ್ಟಿದ್ದು?"

"ಕಾಲು ಊದಿತ್ತು ನೋಡು, ಅಲ್ಲಿ ಹೃದಯದ ಡಾಕ್ಟ್ರು ಕೊಟ್ರು. ನಿನಗೆ ಹೇಳಿದ್ರೆ ತಮ್ಮನ ಮೇಲೆ ರೇಗ್ತೀಯ ಅಂತ ಸುಮ್ಮನಿದ್ದೆ."

ಅವಳು ಹಾಳೆಯನ್ನು ಒಯ್ದು ತೋರಿಸಿದಳು. ಆಸ್ಪತ್ರೆಯ ಡಾಕ್ಟರಮ್ಮ ಹಾಳೆ ನೋಡಿ ಬಿಡಿಸಿ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದರು: "ಇದು, ಕೋಟ್ರಿಮಾಕ್ಸಜೋಲು, ಎರಡೂ ಪೊಟ್ಯಾಸಿಯಂ ಹೊರಗೆ ಹೋಗದ ಹಾಗೆ ತಡೀತವೆ. ರಕ್ತದಲ್ಲಿ ಅದು ಏರಿದ್ರೆ ಹೃದಯವೇ ನಿಲ್ಲಬಹುದು. ವಯಸ್ಸಾದ ಮೂತ್ರಪಿಂಡ ಬೇರೆ. ಹೃದಯಕ್ಕೆ ಕ್ಯಾಲ್ಸಿಯಂ ಕೊಟ್ಟಿದೀವಿ, ಇನ್ಸುಲಿನ್ನು ಗ್ಲೂಕೋಸು ಹೋಗ್ತಿದೆ. ಡಯಾಲಿಸಿಸ್‌ಗೆ ತಯಾರಿ ಆಗ್ತಿದೆ. ಕಾಯಬೇಕು."

ಕಾಯಬೇಕು! ಎಷ್ಟು ಜನರಿಗೆ ಅವಳೇ ಹೇಳಿದ ಮಾತು. ಅಷ್ಟರಲ್ಲಿ ಕ್ಲಿನಿಕ್ಕಿನ ಡಾಕ್ಟರ ಫೋನು ಬಂತು. ಲ್ಯಾಬಿನ ರಿಪೋರ್ಟ್ ಬಂದಿದೆಯಂತೆ, ಅಂದುಕೊಂಡ ಸ್ಟ್ಯಾಫೇ ಅಂತೆ. "ಆ ಎರಡು ಮಾತ್ರೆಲಿ ಯಾವುದಕ್ಕಾದ್ರೂ ಅದು ಸಾಯ್ತಿತ್ತು," ಎಂದರು. ಡಾಕ್ಸಿ ಕೊಟ್ಟು, ಒಂದು ಲೋಟ ನೀರು ಕುಡಿಸಿ, ಅರ್ಧ ಗಂಟೆ ಕೂರಿಸಿಕೊಂಡಿದ್ದರೆ ಸಾಕಿತ್ತು. ಅಮ್ಮನನ್ನು ಅರ್ಧ ಗಂಟೆ ಕೂರಿಸಲು ಅವಳಿಗೇನು ಧಾಡಿಯಾಗಿತ್ತು?

ಏನು ಮಾಡಲೂ ತೋಚದೆ, ಅಲ್ಲಿನ ನರ್ಸನ್ನು ಕೇಳಿಕೊಂಡು ಅಮ್ಮನ ತೊಡೆಯ ಪಟ್ಟಿ ಬದಲಿಸಿದಳು. ಅದೊಂದು ಕೆಲಸ ಅವಳಿಗೆ ಬರುತ್ತಿತ್ತು. ಕೆಂಪು ಇಳಿದಿತ್ತು, ಕೀವಿನ ಸುಳಿವಿರಲಿಲ್ಲ. ಇಷ್ಟು ಚೆನ್ನಾಗಿ ಮಾಯುತ್ತಿರುವ ಗಾಯವನ್ನು ಆ ವರ್ಷ ಅವಳು ಕಂಡಿರಲಿಲ್ಲ.

"ವಾಸಿ ಆಗ್ತಿದೆಯೇನೇ?" ಎಂದರು ಅಮ್ಮ, ಕಣ್ಣು ಮುಚ್ಚಿಕೊಂಡೇ.

"ಹೂಂ, ಅಮ್ಮಾ."

"ಆಗದೆ ಇರುತ್ತಾ. ನಿನ್ನ ಕೈಗುಣ."

ಡಯಾಲಿಸಿಸ್ ಕೋಣೆಗೆ ಒಯ್ಯಲು ಗಾಲಿಮಂಚ ಬಂದಾಗ ಅಮ್ಮನ ಹೃದಯ ನಿಂತಿತ್ತು. ಇಪ್ಪತ್ತು ನಿಮಿಷ ಎದೆ ಒತ್ತಿದರು, ಅದು ಮತ್ತೆ ಮಿಡಿಯಲಿಲ್ಲ. ಕೀವಕ್ಕ ಗೋಡೆಗೊರಗಿ ನಿಂತಿದ್ದಳು, ಕೈಯಲ್ಲಿ ಹಳೆಯ ಪಟ್ಟಿ ಹಾಗೇ ಇತ್ತು.

ಹದಿನೈದು ದಿನದ ಮೇಲೆ ಕೆಲಸಕ್ಕೆ ಬಂದಳು. ಬೆನ್ನಿನ ಕುರು ತೋರಿಸಲು ಬಂದ ಮುದುಕಿಯೊಬ್ಬರು, "ನನ್ನ ಮಾತ್ರೆ ನಿನಗೆ ಗೊತ್ತಿಲ್ದೆ ಇದೆಯಾ, ಕೀವಕ್ಕ," ಎಂದು ನಕ್ಕರು. ಅವಳು ಗದರಲಿಲ್ಲ. ಮುದುಕಿಯ ಚೀಲವನ್ನು ತಾನೇ ತೆಗೆದುಕೊಂಡು ಮೇಜಿನ ಮೇಲೆ ಸುರಿದಳು. ಆಮೇಲೆ ಅವರ ಕನ್ನಡಕದ ಡಬ್ಬಿಯನ್ನೂ ಕೇಳಿದಳು.