ಕೇಳದೆ ಸೇರಿಸಿದ ನಂಬರ್

ಕಾಲೇಜು ಮುಗಿದು ಕೆಲಸ ಸಿಗದ ಆ ವರ್ಷ ನಾನು ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಚಿಕ್ಕಮ್ಮನ ಬ್ಯೂಟಿ ಪಾರ್ಲರಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಬರೆದಿಡುವುದು ನನ್ನ ಅಭ್ಯಾಸ. ಮನೆಯಲ್ಲಿ ದಿನಚರಿ, ಪಾರ್ಲರಿನಲ್ಲಿ ಕಂಪ್ಯೂಟರಿನ ಶೀಟು: ಗಿರಾಕಿಯ ಹೆಸರು, ನಂಬರ್, ಕೊನೆಯ ಸಲ ಬಂದ ತಾರೀಖು. ಕೊನೆಯ ಕಾಲಮ್ಮಿನಲ್ಲಿ ಎರಡೇ ಮಾತು, ‘ಹೌದು’ ಅಥವಾ ‘ಬೇಡ’.

ಬಿಲ್ ಕೊಡುವಾಗ ಒಬ್ಬೊಬ್ಬರನ್ನೂ ಕೇಳುತ್ತಿದ್ದೆ. “ಆಫರ್ ಇದ್ದಾಗ ವಾಟ್ಸಾಪ್ ಮಾಡಲಾ? ಸಾಕು ಅನಿಸಿದ ದಿನ ಬೇಡ ಅಂತ ಬರೆದರೆ ಹೆಸರು ತೆಗೀತೇನೆ.” ಹೌದು ಎಂದವರ ಕೈಯಲ್ಲಿ ಅಲ್ಲೇ ನಮ್ಮ ನಂಬರ್ ಸೇವ್ ಮಾಡಿಸುತ್ತಿದ್ದೆ. ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್, ಅಂದರೆ ಒಟ್ಟಿಗೆ ಕಳಿಸುವ ಮೆಸೇಜು, ತಲುಪುವುದಿಲ್ಲ. ದಿನವಿಡೀ ಇದನ್ನೇ ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಹೇಳಿ ಸಂಜೆಗೆ ಗಂಟಲು ಬೀಳುತ್ತಿತ್ತು. ಪಟ್ಟಿ ಮಾತ್ರ ಆಮೆಯ ಹಾಗೆ ಬೆಳೆಯುತ್ತಿತ್ತು.

ಸಾನಪಾಡಾದಿಂದ ಬರುತ್ತಿದ್ದ ಒಬ್ಬರು ‘ಬೇಡ’ ಎಂದಿದ್ದರು. ಗಂಡ ತೀರಿಕೊಂಡ ಮೇಲೆ ಭಾವನ ಮನೆಯಲ್ಲಿದ್ದ ಅವರು ಬುಧವಾರ ಮಧ್ಯಾಹ್ನ, ಪಾರ್ಲರ್ ಖಾಲಿ ಇರುವ ಹೊತ್ತಿಗೆ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹುಬ್ಬು ತೀಡಿಸಿಕೊಳ್ಳುತ್ತಿದ್ದರು. “ಮೆಸೇಜ್ ಒಂದು ಬ್ಯಾಡ್ರಿ. ನಾನಽ ಬರ್ತೀನಿ,” ಎಂದಿದ್ದರು. ಕಾರಣ ನಾನು ಕೇಳಲಿಲ್ಲ.

ಪಿತೃಪಕ್ಷದಲ್ಲಿ ಪಾರ್ಲರಿಗೆ ಯಾರೂ ಕಾಲಿಡುವುದಿಲ್ಲ. ಖಾಲಿ ಕುರ್ಚಿಗಳನ್ನು ನೋಡಿ ನೋಡಿ ಚಿಕ್ಕಮ್ಮ ಕಂಗೆಟ್ಟಿದ್ದರು. ನಾನು ಒಂದು ಸಂದರ್ಶನಕ್ಕೆಂದು ಠಾಣೆಗೆ ಹೋಗಿದ್ದ ದಿನ ಕನ್ನಡ ಸಂಘದ ಸದಸ್ಯರ ಡೈರೆಕ್ಟರಿ ತೆರೆದು, ಅದರಲ್ಲಿದ್ದ ಹೆಂಗಸರ ನಂಬರ್‌ಗಳಿಗೆಲ್ಲ ನವರಾತ್ರಿ ಆಫರನ್ನು ಬ್ರಾಡ್‌ಕಾಸ್ಟ್ ಮಾಡಿದರು. ಹೆಚ್ಚಿನವರಿಗೆ ಒಂದೇ ಟಿಕ್ ಬಿದ್ದು ನಿಂತಿತು. ಆಗ ಅವರಿಗೆ ಹೊಳೆದದ್ದು ಗ್ರೂಪು. ಡೈರೆಕ್ಟರಿಯವರನ್ನೂ ನನ್ನ ಶೀಟಿನವರನ್ನೂ, ಕೊನೆಯ ಕಾಲಮ್ ನೋಡದೆ, ಒಟ್ಟಿಗೆ ಸೇರಿಸಿದರು.

ಬ್ರಾಡ್‌ಕಾಸ್ಟಿನಲ್ಲಿ ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ.

ನಾನು ಮರಳಿದಾಗ ಫೋನು ಬಡಿದುಕೊಳ್ಳುತ್ತಿತ್ತು. ಒಬ್ಬೊಬ್ಬರೇ ಗ್ರೂಪ್ ಬಿಡುತ್ತಿದ್ದರು. ಯಾರೋ ಅದರಲ್ಲೇ ತಮ್ಮ ಹಪ್ಪಳದ ರೇಟು ಹಾಕಿದ್ದರು.

“ಇದೆಂತ ಚಿಕ್ಕಮ್ಮ?”

“ಎಲ್ಲ ನಮ್ಮವರೇ ಅಲ್ವಾ ಮಾರಾಯ್ತಿ! ನಮ್ಮವರನ್ನು ಕೇಳ್ಲಿಕ್ಕೆ ಎಂತ ಉಂಟು? ಮದುವೆಗೆ ಕರೀಲಿಕ್ಕೆ ಅದೇ ಡೈರೆಕ್ಟರಿ ಆಗ್ತದೆ, ಫೇಶಿಯಲ್‌ಗೆ ಆಗುದಿಲ್ವಾ?”

ಅಷ್ಟರಲ್ಲಿ ಸಂಘದ ಕಾರ್ಯದರ್ಶಿಯ ಫೋನು ಬಂತು. “ಏನ್ ಮೇಡಂ, ನನ್ನ ಹೆಂಡತಿಗೆ ಬ್ಲೀಚ್ ಬೇಕು ಅಂತ ಸಂಘದಲ್ಲಿ ಠರಾವು ಪಾಸ್ ಮಾಡಿದ್ವಾ?” ಚಿಕ್ಕಮ್ಮ ಸಪ್ಪಗಾದರು.

ನಾನು ಎಲ್ಲರನ್ನೂ ತೆಗೆದು ಗ್ರೂಪನ್ನು ಅಳಿಸಿದೆ. ಒಬ್ಬೊಬ್ಬರನ್ನೇ ತೆಗೆಯುತ್ತ ಹೆಬ್ಬೆರಳು ನೋಯಿತು. ಸಾನಪಾಡಾದವರ ಹೆಸರು ಕಂಡಾಗ ಕೈ ನಿಂತಿತು. ಅವರ ಓರಗಿತ್ತಿಯ ಹೆಸರೂ ಅದೇ ಗ್ರೂಪಿನಲ್ಲಿತ್ತು; ಆಕೆ ಸಂಘದ ಸದಸ್ಯೆ.

ಮರುದಿನ ಸಾನಪಾಡಾದವರೇ ಫೋನು ಮಾಡಿದರು. ದನಿ ಏರಿರಲಿಲ್ಲ.

“ನೀನೂ ಈ ಪಾರ್ಲರ್ ಗಿರಾಕಿ ಏನು, ಯಾರ ಸಲುವಾಗಿ ಹುಬ್ಬು ತೀಡಿಸ್ಕೋತಿ ಅಂತ ಕೇಳಿದ್ಳು ನೆಗೆಣ್ಣಿ. ಊಟಕ್ಕ ಕುಂತಾಗ, ಎಲ್ಲಾರ ಮುಂದ.”

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಚಿಕ್ಕಮ್ಮ ಫೋನು ಕಸಿದುಕೊಂಡರು. “ತಪ್ಪಾಯ್ತಕ್ಕ. ಇವಳದ್ದಲ್ಲ, ನನ್ನದೇ. ನೀವು ಬನ್ನಿ, ನಾನು ದುಡ್ಡು ತಕೊಳ್ಳುದಿಲ್ಲ.”

“ದುಡ್ಡಿನ ಮಾತಲ್ರಿ. ನಿಮ್ಮ ಹುಡುಗಿ ನನ್ನ ಕೇಳಿದ್ಳು. ನಾ ಬ್ಯಾಡ ಅಂದಿದ್ದೆ. ನನ್ನ ನಂಬರ್ ತಗದ್ ಹಾಕ್ರಿ. ಎಲ್ಲಾ ಕಡೆ.”

ಶೀಟಿನಿಂದ ಇಡೀ ಸಾಲನ್ನು ತೆಗೆದೆ. ಪಾರ್ಲರಿನ ಫೋನಿನಿಂದಲೂ ಚಿಕ್ಕಮ್ಮನ ಫೋನಿನಿಂದಲೂ ನಂಬರನ್ನೂ ಚಾಟನ್ನೂ ಅಳಿಸಿದೆ. ಅವರು ಬಂದ ಕೊನೆಯ ಬುಧವಾರದ ತಾರೀಖೂ ಹೋಯಿತು. ಡೈರೆಕ್ಟರಿಯಿಂದ ಬಂದ ನಂಬರ್‌ಗಳನ್ನೂ ತೆಗೆದೆ. ದೀಪಾವಳಿಯ ಆಫರ್ ‘ಹೌದು’ ಎಂದವರಿಗೆ ಮಾತ್ರ ಹೋಯಿತು, ಒಂದೇ ಸಲ, ನಿಲ್ಲಿಸಬೇಕಾದರೆ ಹೇಗೆ ಎಂಬ ಸಾಲಿನೊಂದಿಗೆ. ಪಟ್ಟಿ ಚಿಕ್ಕದಿತ್ತು. ಬಂದ ಉತ್ತರಗಳೂ ಕಡಿಮೆಯೇ, ಆದರೆ ಬರೆದವರು ಬಂದರು.

ಆಮೇಲೆ ಬಿಲ್ ಕೊಡುವಾಗ ಚಿಕ್ಕಮ್ಮನೇ ಕೇಳುತ್ತಿದ್ದರು, ನನಗಿಂತ ನಿಧಾನವಾಗಿ. ಯಾರಾದರೂ ‘ಬೇಡ’ ಎಂದರೆ ನನ್ನತ್ತ ತಿರುಗಿ, “ಬರೆದಿಯಾ?” ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಬುಧವಾರ ಮಧ್ಯಾಹ್ನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಚಿಕ್ಕಮ್ಮ ಯಾರನ್ನೂ ಕೂರಿಸುತ್ತಿರಲಿಲ್ಲ. ಒಂದು ದಿನ ಅದನ್ನೇ ನೋಡುತ್ತ, “ಒಂದು ಫೋನ್ ಮಾಡಿ ನೋಡುವನಾ?” ಎಂದರು.

“ನಂಬರ್ ಇಲ್ಲ ಚಿಕ್ಕಮ್ಮ.”

“ಹೌದಲ್ಲ,” ಎಂದು ಹುಬ್ಬು ತೀಡುವ ದಾರದ ಉಂಡೆಯನ್ನು ಡ್ರಾಯರಿನಲ್ಲಿಟ್ಟರು.

ಸಂಘದ ಡೈರೆಕ್ಟರಿಯಲ್ಲಿ ಹುಡುಕಿದರೆ ಆ ಮನೆಯ ನಂಬರ್ ಸಿಗುತ್ತಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.