ಹನ್ನೊಂದನೆಯ ಟಿಕೆಟ್

ರಾಜೀನಾಮೆ ಕೊಟ್ಟರೆ ಸಾಲದು, ಹ್ಯಾಂಡೋವರ್ ನೋಟ್ ಬರೆದುಕೊಟ್ಟ ಮೇಲೆಯೇ ಬಿಡುಗಡೆ ಪತ್ರ ಎಂದರು. ಗೋಕಾಕದ ಬಳಿಯ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಆರು ವರ್ಷ ದುಡಿದವಳು ನಾನು. ಕಬ್ಬಿನ ನೋಂದಣಿ, ತೂಕದ ಕಾಟಾ, ಹಾಜರಿ, ಎಲ್ಲ ಪ್ರೋಗ್ರಾಮೂ ನನ್ನವೇ. ಯಾವುದು ಯಾವ ಸರ್ವರಿನಲ್ಲಿದೆ, ಬ್ಯಾಕಪ್ ಟೇಪು ಯಾವ ಕಪಾಟಿನಲ್ಲಿದೆ ಎಂದು ಬರೆದೆ. ಪಾಸ್‌ವರ್ಡ್‌ಗಳನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಕೊನೆಗೆ ಬಾಕಿ ಟಿಕೆಟ್‌ಗಳು, ಅಂದರೆ ದಾಖಲಾಗಿಯೂ ಸರಿಯಾಗದೆ ಉಳಿದ ದೂರುಗಳು. ಒಟ್ಟು ಹನ್ನೊಂದು.

ಹನ್ನೊಂದನೆಯದು ಇದು: ‘ನೋಂದಣಿಯಾದ ಮೇಲೂ ನಾಟಿಯ ತಾರೀಖು ತಿದ್ದಲು ಬರುತ್ತದೆ, ಬೀಗ ಹಾಕಬೇಕು.’ ಮೊದಲು ನಾಟಿಯಾದ ಕಬ್ಬಿಗೆ ಮೊದಲು ಕಟಾವು. ತಾರೀಖನ್ನು ಹಿಂದಕ್ಕೆ ಸರಿಸಿದರೆ ಬೇಕಾದವರ ಪಾಳಿ ಮುಂದೆ ಬರುತ್ತದೆ, ಯಾರೋ ಬಡಪಾಯಿಯ ಕಬ್ಬು ಹೊಲದಲ್ಲೇ ಒಣಗುತ್ತದೆ. ನಮ್ಮ ವಿಭಾಗದ ಸಾಹೇಬರು ಎರಡು ಹಂಗಾಮು ಇದನ್ನೇ ಮಾಡಿದರು. ಬೀಗ ಹಾಕುತ್ತೇನೆ ಎಂದಾಗಲೆಲ್ಲ “ಮುಂದ ನೋಡೂಣು ತಗೋರಿ” ಅನ್ನುವುದು, ನಗುವುದು. ಥೂ! ಆ ನಗುವಿಗೆ ಹೇಸಿಯೇ ನಾನು ಕೆಲಸ ಬಿಟ್ಟದ್ದು.

ಸಾಹೇಬರು ಎಲೆ ಅಡಿಕೆ ಜಗಿಯುತ್ತ ನೋಟ್ ಓದಿದರು.

“ಹನ್ನೊಂದನೇದು ತಗದ್ ಬಿಡ್ರಿ ಮೇಡಂ.”

“ಯಾಕ್ರಿ? ಖರೆ ಐತಲ್ರಿ.”

“ಖರೆ ಐತ್ರಿ. ತಾರೀಖ ಯಾರ್ಯಾರು ತಿದ್ದ್ಯಾರ ಅಂತ ಲಾಗ್ ಇರತೈತೆಲ್ಲ, ಅದನ್ನೊಂದಿಷ್ಟು ತಗೀರಿ. ಮೊದಲನೇ ಸಾಲು ಓದ್ರಿ.”

ಓದುವ ಅಗತ್ಯವಿರಲಿಲ್ಲ. ಮಸಗುಪ್ಪಿಯ ಹೊಲ, ನಮ್ಮ ಕಾಕಾನದು. ಇಪ್ಪತ್ತು ದಿನ ಹಿಂದಕ್ಕೆ. ತಿದ್ದಿದ ಲಾಗಿನ್ ನನ್ನದು. “ಮಗಳ ಮದುವಿ ಐತವ್ವಾ, ಲಗೂನ ಕಟಾವು ಆಗ್ಲಿ” ಎಂದು ಕಾಕಾ ಅಂಗಲಾಚಿದ್ದ. ಒಂದೇ ಸಲ, ನಮ್ಮವರೇ, ಏನಾಗುತ್ತದೆ ಎಂದುಕೊಂಡು ತಿದ್ದಿದ್ದೆ. ಆ ಹೊತ್ತು ಸಾಹೇಬರು ಚಹಾದ ಕಪ್ಪು ಹಿಡಿದು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಅದನ್ನು ನಾನು ಮರೆತಿರಲಿಲ್ಲ, ಮರೆತವಳಂತೆ ಇದ್ದೆ ಅಷ್ಟೇ.

“ನನಗ ಇದನ್ನ ಕಲಿಸಿದವರ ನೀವ್ರಿ ಮೇಡಂ,” ಎಂದರು. ಈ ಸಲ ನಗಲಿಲ್ಲ.

ನೋಟ್‌ನ ಹನ್ನೊಂದನೆಯ ಸಾಲನ್ನು ಇಟ್ಟೇ, ಕೆಳಗೆ ‘ಮೊದಲು ತಿದ್ದಿದವಳು ನಾನು’ ಎಂದು ಬರೆಯಬಹುದಿತ್ತು. ಕೈ ಏಳಲಿಲ್ಲ. ಸಾಲು ಅಳಿಸಿದೆ, ಪ್ರಿಂಟ್ ತೆಗೆದೆ, ಸಹಿ ಹಾಕಿದೆ. ಅರ್ಧ ಗಂಟೆಯಲ್ಲಿ ಬಿಡುಗಡೆ ಪತ್ರ ಕೈಗೆ ಬಂತು.

ನನ್ನ ಜಾಗಕ್ಕೆ ಬಂದವನು ಹುಕ್ಕೇರಿಯ ಹುಡುಗ, ಓದು ಮುಗಿಸಿದ ಮೇಲೆ ಇದೇ ಮೊದಲ ನೌಕರಿ. ನೋಟ್ ಅನ್ನು ಬೆರಳಿಟ್ಟು ಸಾಲುಸಾಲಾಗಿ ಓದಿದ.

“ಬಾಕಿ ಇವು ಹತ್ತ ಏನ್ರಿ, ಅಕ್ಕಾರ?”

“ಹತ್ತ.”

ಲಕೋಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. “ಭಾಳ ಸ್ವಚ್ಛ ಬರದೀರಿ ನೋಡ್ರಿ,” ಎಂದ.